ಇಳಿದ ಗೆರೆಗೆ ಸಮಜಾಯಿಷಿ

ಸನೋಬರಳ ಕೈಗೆ ಹಾಳೆ ವಾಪಸು ಬಂದಾಗ ಅದರ ತುಂಬ ಕೆಂಪು ಗೆರೆಗಳಿದ್ದವು. ವ್ಯಾಕರಣದ ತಪ್ಪಿಗೆ ಬಿದ್ದದ್ದು ಒಂದೋ ಎರಡೋ. ಉಳಿದವೆಲ್ಲ ವಾಕ್ಯಕ್ಕೆ ವಾಕ್ಯವನ್ನೇ ಹೊಡೆದುಹಾಕಿದ ಗೆರೆಗಳು. ಅವಳು ಹಾಳೆಯನ್ನು ಮಡಚಿ ಚೀಲಕ್ಕೆ ತುರುಕುವಷ್ಟರಲ್ಲಿ ಪಕ್ಕದಲ್ಲಿ ಕೂತಿದ್ದ ಹದಿನಾರರ ಹುಡುಗಿ ಝೇಬೋ ಕತ್ತು ಚಾಚಿ ನೋಡಿಬಿಟ್ಟಿದ್ದಳು.

"ಖೋಲಾ, ಇದೇನು, ಗಾಯ ಆಗಿರೋ ಹಾಗಿದೆ," ಎಂದಳು ಮೆಲ್ಲಗೆ. ಖೋಲಾ ಎಂದರೆ ಚಿಕ್ಕಮ್ಮ.

"ಸುಮ್ನಿರಮ್ಮ. ನಿಂದು ನೋಡ್ಕೊ."

ಆ ಟ್ಯೂಷನ್ ಕೇಂದ್ರ ಕೋಕಂದ್ ಊರಿನ ಬಜಾರಿನ ಹಿಂದೆ, ಒಂದು ಔಷಧದಂಗಡಿಯ ಮೇಲಿನ ಮಹಡಿಯಲ್ಲಿತ್ತು. ಸಂಜೆ ನಾಲ್ಕೂವರೆಯ ತರಗತಿ. ಹದಿನಾಲ್ಕು ಜನರಲ್ಲಿ ಹದಿಮೂರು ಮಂದಿ ಮೀಸೆ ಚಿಗುರುತ್ತಿದ್ದ ಹುಡುಗರು, ಜಡೆ ಹೆಣೆದ ಹುಡುಗಿಯರು. ಹದಿನಾಲ್ಕನೆಯವಳು ನಲವತ್ತಾರು ವರ್ಷದ ಸನೋಬರ್. ಬೆಳಗ್ಗೆ ಎಂಟಕ್ಕೆ ಶಾಲೆಯಲ್ಲಿ ಇಂಗ್ಲಿಷ್ ಕಲಿಸಲು ನಿಂತರೆ, ಸಂಜೆ ಇಲ್ಲಿ ಇಂಗ್ಲಿಷ್ ಕಲಿಯಲು ಕೂರುವ ಹೊತ್ತಿಗೆ ಅವಳ ಪಾದಗಳು ಬೂಟಿನಲ್ಲಿ ಉಬ್ಬಿರುತ್ತಿದ್ದವು. ಮೇಜಿನ ಕೆಳಗೆ ಹಿಮ್ಮಡಿಯನ್ನು ಬೂಟಿನಿಂದ ಅರ್ಧ ಹೊರತೆಗೆದು ಕೂರುವುದು ಅವಳಿಗೆ ರೂಢಿಯಾಗಿತ್ತು.

ಹಲಗೆಯ ಮುಂದೆ ನಿಂತಿದ್ದ ಅಸ್ರೋರ್‌ಬೆಕ್‌ಗೆ ಇಪ್ಪತ್ತಮೂರು. ಐದನೇ ತರಗತಿಯಲ್ಲಿ ಅವನು ಅವಳ ಶಿಷ್ಯ. ಈಗ ಇಂಗ್ಲಿಷ್ ಸಾಮರ್ಥ್ಯದ ಐಲ್ಟ್ಸ್ ಪರೀಕ್ಷೆಯಲ್ಲಿ ಒಂಬತ್ತಕ್ಕೆ ಎಂಟು ಅಂಕ ತೆಗೆದವನೆಂದು ಅವನ ಫೋಟೋವನ್ನು ಕೇಂದ್ರದವರು ಬೀದಿಯವರೆಗೆ ಕಾಣುವ ಹಾಗೆ ತೂಗುಹಾಕಿದ್ದರು. ತರಗತಿಯಲ್ಲಿ ಎಲ್ಲರನ್ನೂ ಹೆಸರು ಹಿಡಿದು ಕರೆಯುತ್ತಿದ್ದ. ಅವಳನ್ನು ಮಾತ್ರ 'ಉಸ್ತೋಜ್' ಎನ್ನುತ್ತಿದ್ದ, ಗುರುಗಳನ್ನು ಕರೆಯುವ ಹಾಗೆ. ಅವನು ಹಾಗೆ ಕರೆದಾಗಲೆಲ್ಲ ಹುಡುಗರು ತಿರುಗಿ ನೋಡುತ್ತಿದ್ದರು. ಅವಳಿಗೆ ಅದಕ್ಕಿಂತ ಹೆಸರು ಹಿಡಿದು ಕರೆದಿದ್ದರೇ ವಾಸಿ ಎನಿಸುತ್ತಿತ್ತು.

"ಮೊದಲನೇ ಪ್ರಶ್ನೆಯಲ್ಲಿ ಗ್ರಾಫ್ ಕೊಡ್ತಾರೆ," ಅಸ್ರೋರ್‌ಬೆಕ್ ಹೇಳುತ್ತಿದ್ದ. "ಇಪ್ಪತ್ತು ನಿಮಿಷ, ನೂರೈವತ್ತು ಪದ. ಎರಡನೇ ಪ್ರಶ್ನೆ ಪ್ರಬಂಧ, ಅದಕ್ಕೆ ನಲವತ್ತು ನಿಮಿಷ, ಅದರ ತೂಕ ಇದರ ಎರಡರಷ್ಟು. ಗ್ರಾಫಿನಲ್ಲೇ ಮುಳುಗಿ ಹೋದರೆ ಪ್ರಬಂಧ ನೀರು ಪಾಲು. ಗ್ರಾಫಿನಲ್ಲಿ ಏನು ಕಾಣುತ್ತೋ ಅದಷ್ಟೇ ಹೇಳಿ. ಏರಿತು, ಇಳಿಯಿತು, ಹೊಯ್ದಾಡಿತು, ನಿಂತಿತು. ಯಾವುದು ಯಾವುದಕ್ಕಿಂತ ಹೆಚ್ಚು, ಎಷ್ಟು ಪಟ್ಟು. ಅಷ್ಟೇ. ಯಾಕೆ ಅಂತ ಯಾರೂ ಕೇಳಿಲ್ಲ."

ಕೊನೆಯ ಮಾತನ್ನು ಅವನು ಕಿಟಕಿ ನೋಡುತ್ತ ಹೇಳಿದ. ಅದು ತನಗೇ ಎಂದು ಸನೋಬರಳಿಗೆ ಗೊತ್ತಾಯಿತು.

ಅವತ್ತಿನ ಗ್ರಾಫ್ ಹೆಸರಿಲ್ಲದ ಒಂದು ದೇಶದ್ದು. ಎಷ್ಟು ಮನೆಗಳು ಗ್ಯಾಸಿನಿಂದ, ಎಷ್ಟು ಕಲ್ಲಿದ್ದಲಿನಿಂದ, ಎಷ್ಟು ವಿದ್ಯುತ್ತಿನಿಂದ ಬೆಚ್ಚಗಾಗುತ್ತವೆ ಎಂಬುದಕ್ಕೆ ಮೂರು ಗೆರೆ. ಗ್ಯಾಸಿನ ಗೆರೆ ನಡುವೆ ಐದು ವರ್ಷ ಬಗ್ಗಿತ್ತು, ಕಲ್ಲಿದ್ದಲಿನದು ಅಲ್ಲೇ ಸ್ವಲ್ಪ ತಲೆಯೆತ್ತಿತ್ತು. ಸನೋಬರ್ ಬರೆದಿದ್ದಳು: ಗ್ಯಾಸ್ ಬಳಸುವ ಮನೆಗಳು ಕಡಿಮೆಯಾದವು, ಯಾಕೆಂದರೆ ಚಳಿ ಬಿದ್ದೊಡನೆ ಪೈಪಿನಲ್ಲಿ ಒತ್ತಡ ಇರುವುದಿಲ್ಲ, ಆದ್ದರಿಂದ ಜನ ಬೇಸತ್ತು ಹಳೆಯ ಒಲೆಗಳನ್ನು ಹೊರತೆಗೆದು ಕಲ್ಲಿದ್ದಲು ಕೊಂಡರು, ಮುದುಕರಿರುವ ಮನೆಗಳಲ್ಲಿ ಇದು ಅನಿವಾರ್ಯ.

ತರಗತಿ ಮುಗಿದು ಮಕ್ಕಳೆಲ್ಲ ಇಳಿದುಹೋದ ಮೇಲೆ ಅಸ್ರೋರ್‌ಬೆಕ್ ಅವಳ ಬೆಂಚಿನ ಬಳಿ ಬಂದ.

"ಉಸ್ತೋಜ್, ಇದು ನಮ್ಮ ಕೋಕಂದ್ ಅಲ್ಲ."

"ಗೊತ್ತಪ್ಪ."

"ಇಂಗ್ಲಿಷ್ ಚೆನ್ನಾಗಿದೆ. ನನಗಿಂತ ಅಚ್ಚುಕಟ್ಟು. ಆದರೆ ನೂರೈವತ್ತು ಪದದ ಜಾಗದಲ್ಲಿ ಮುನ್ನೂರು ಬರೆದಿದ್ದೀರಿ. ಅದರಲ್ಲಿ ಅರ್ಧ ಗ್ರಾಫಲ್ಲೇ ಇಲ್ಲ. ಇಲ್ಲದ್ದಕ್ಕೆ ಅಂಕ ಕೊಡಲ್ಲ, ಕಳೀತಾರೆ. ಎಷ್ಟು ಹೊತ್ತು ಹಿಡೀತು?"

"ಮೂವತ್ತೈದು ನಿಮಿಷ."

"ಅಂದ್ರೆ ಪ್ರಬಂಧಕ್ಕೆ ಇಪ್ಪತ್ತೈದು. ಹೋದ ಸಲವೂ ಅರ್ಧಕ್ಕೇ ನಿಂತಿತ್ತು ಅಂದ್ರಲ್ಲ, ಇದಕ್ಕೇ." ಅವನು ತಲೆ ಕೆರೆದುಕೊಂಡ. "ಯಾಕೆ ಉಸ್ತೋಜ್ ಹೀಗೆ ಮಾಡ್ತೀರಿ?"

ಬೂಟಿನೊಳಗೆ ಹಿಮ್ಮಡಿ ಸೇರಿಸಿ ಎದ್ದಳು.

ಅವಳು ಎರಡು ಸಲ ಪರೀಕ್ಷೆಗೆ ಕೂತಿದ್ದಳು. ಎರಡು ಸಲವೂ ಕೇಳುವುದರಲ್ಲಿ ಏಳು, ಓದುವುದರಲ್ಲಿ ಏಳೂವರೆ, ಮಾತಿನಲ್ಲಿ ಆರೂವರೆ, ಬರೆಯುವುದರಲ್ಲಿ ಐದೂವರೆ. ಕೂಡಿ ನಾಲ್ಕರಿಂದ ಭಾಗಿಸಿದರೆ ಒಟ್ಟು ಆರೂವರೆಗೇ ನಿಲ್ಲುತ್ತಿತ್ತು. ಶಾಲೆಗೆ ಬೇಕಾದ್ದು ಏಳು. ಬರವಣಿಗೆಯಲ್ಲಿ ಇನ್ನು ಅರ್ಧ ಅಂಕ, ಅಂದರೆ ಆರು ಬಂದರೆ ಸರಾಸರಿ ಆರೂಮುಕ್ಕಾಲು ಆಗಿ ಏಳಕ್ಕೆ ಏರುತ್ತಿತ್ತು. ಈ ಲೆಕ್ಕವನ್ನು ಅವಳಿಗೆ ಮಾಡಿ ತೋರಿಸಿದವಳು ಝೇಬೋ, ಚಾಕೊಲೇಟಿನ ಕಾಗದದ ಮೇಲೆ ಬರೆದು. "ಅರ್ಧವೇ ಖೋಲಾ, ಅರ್ಧ," ಎಂದಿದ್ದಳು, ಅರ್ಧವೆಂದರೆ ಸುಲಭ ಎನ್ನುವ ಹಾಗೆ.

ಏಳು ಬಾರದಿದ್ದರೆ ಹತ್ತು, ಹನ್ನೊಂದನೇ ತರಗತಿಗಳು ಸೆಪ್ಟೆಂಬರಿನಿಂದ ಅವಳ ಕೈ ತಪ್ಪಿ, ಏಳು ಇರುವ ಬೇರೆ ಟೀಚರಿಗೆ ಹೋಗುತ್ತವೆ. ಅವಳಿಗೆ ಒಂದನೇ ತರಗತಿಯ ಬಣ್ಣ, ಹಣ್ಣು, ಪ್ರಾಣಿಗಳ ಹೆಸರು ಉಳಿಯುತ್ತವೆ. ಇಪ್ಪತ್ತನಾಲ್ಕು ವರ್ಷ ದೊಡ್ಡ ಮಕ್ಕಳಿಗೆ ಕಲಿಸಿದವಳಿಗೆ ಅದು ಶಾಲೆಯ ಹಿಂಬಾಗಿಲು ತೋರಿಸಿದ ಹಾಗೆ. ಆ ಮಕ್ಕಳು ಕೇಳುವ ಪ್ರಶ್ನೆಗಳಿಗಾಗಿಯೇ ಅವಳು ಬೆಳಗ್ಗೆ ಎದ್ದು ಹೋಗುತ್ತಿದ್ದದ್ದು. ಅದನ್ನು ಯಾರ ಮುಂದೆಯೂ ಬಾಯಿಬಿಟ್ಟು ಹೇಳಿರಲಿಲ್ಲ.

ಮಾರನೆಯ ದಿನ ಬೆಳಗ್ಗೆ ಶಾಲೆಯ ಮುಖ್ಯಸ್ಥೆ ಮುಅಜ್ಜಮ್ ಓಪಾ ಕರೆಸಿದಳು. ಓಪಾ ಎಂದರೆ ಅಕ್ಕ. ವಯಸ್ಸಿನಲ್ಲಿ ಮುಅಜ್ಜಮ್ ಎರಡು ವರ್ಷ ಚಿಕ್ಕವಳಾದರೂ ಕುರ್ಚಿ ದೊಡ್ಡದಾದ್ದರಿಂದ ಎಲ್ಲರಿಗೂ ಅಕ್ಕ. ಮೇಜಿನ ಮೇಲೆ ತಿಂಗಳ ವರದಿ ಬಿಚ್ಚಿತ್ತು.

"ಒಂಬತ್ತನೇ ಬಿ ಹಾಜರಿ ನೋಡಿ ಸನೋಬರ್. ಜನವರಿಯಲ್ಲಿ ತೊಂಬತ್ತಾರು. ಫೆಬ್ರವರಿಯಲ್ಲಿ ಎಂಬತ್ತೊಂಬತ್ತು."

"ಜ್ವರ ಇತ್ತಲ್ಲ ಓಪಾ. ಊರಿಗೆಲ್ಲ ಇತ್ತು."

"ನನಗೂ ಇತ್ತು. ಆದರೆ ಜಿಲ್ಲೆಯವರಿಗೆ ಜ್ವರ ಕಾಣಲ್ಲ, ಸಂಖ್ಯೆ ಕಾಣುತ್ತೆ. ಹತ್ತು ಗಂಟೆಯೊಳಗೆ ಸಮಜಾಯಿಷಿ ಕೊಡಿ. ನೀವು ಬರೆದರೆ ಅವರು ಮತ್ತೆ ಪ್ರಶ್ನೆ ಹಾಕಲ್ಲ. ಅದಕ್ಕೇ ಎಂಟನೇ ಎ-ದೂ ನೀವೇ ಬರೆದುಬಿಡಿ."

"ಅದು ನನ್ನ ತರಗತಿ ಅಲ್ವಲ್ಲ."

"ಅದಕ್ಕೇ ಕೇಳ್ತಿರೋದು, ಹೇಳ್ತಿಲ್ಲ," ಮುಅಜ್ಜಮ್ ನಕ್ಕಳು. ನಗು ನಿಂತ ಮೇಲೆ ಹೇಳಿದಳು: "ಆಗಸ್ಟಿನ ಹತ್ತಕ್ಕೆ ಪಟ್ಟಿ ಕಳಿಸ್ತೀನಿ. ಸರ್ಟಿಫಿಕೇಟ್ ಇದ್ದೋರ ಹೆಸರು ಮಾತ್ರ ಮೇಲಿನ ತರಗತಿಗೆ. ನಾನು ಬರೆಯೋ ಪಟ್ಟಿ ಅಲ್ಲ ಅದು, ನಿಮಗೂ ಗೊತ್ತು."

ಸನೋಬರ್ ಶಿಕ್ಷಕರ ಕೋಣೆಯಲ್ಲಿ ಕೂತು ಬರೆದಳು. ಹಾಜರಿ ಇಳಿದದ್ದಕ್ಕೆ ಹವಾಮಾನ, ಜ್ವರ, ಎರಡು ಮನೆಯ ಮದುವೆ, ಬಸ್ಸಿನ ದುರಸ್ತಿ. ಎರಡು ಪತ್ರಕ್ಕೆ ಹಂಚಿದಳು: ಒಂದಕ್ಕೆ ಒಂದೇ ಕಾರಣ ಸಾಲದು, ಮೂರಾದರೆ ಸಂಶಯ, ಎರಡೂವರೆ ಸರಿ. ಕೊನೆಯಲ್ಲಿ ಮುಂದಿನ ತಿಂಗಳು ಏರುವುದೆಂಬ ಭರವಸೆ. ಅವಳ ಕೈ ಇದನ್ನು ಎಷ್ಟು ವರ್ಷಗಳಿಂದ ಮಾಡಿತ್ತೆಂದರೆ ಪೆನ್ನು ತಾನಾಗಿ ಓಡುತ್ತಿತ್ತು. ಏರಿದ ಸಂಖ್ಯೆಗೆ ಈ ಶಾಲೆಯಲ್ಲಿ ಯಾರೂ ಯಾಕೆ ಎಂದು ಕೇಳಿದ್ದಿಲ್ಲ. ಇಳಿದದ್ದನ್ನು ಯಾರೂ ಸುಮ್ಮನೆ ಬಿಟ್ಟಿದ್ದೂ ಇಲ್ಲ.

ಎರಡನೇ ಪತ್ರದ ಕೆಳಗೆ ಸಹಿ ಹಾಕುವಾಗ ಅವಳ ಕೈ ನಿಂತಿತು. ಇಳಿಕೆ ಕಂಡ ಕೂಡಲೇ ತಾನು ಕಾರಣ ಹುಡುಕುವುದು ಇಲ್ಲಿಂದಲೇ ಬಂದದ್ದು ಎಂದು ಹೊಳೆಯಿತು. ಹೊಳೆದು ಏನೂ ಹಗುರವಾಗಲಿಲ್ಲ. ಇಪ್ಪತ್ತನಾಲ್ಕು ವರ್ಷದ ರೂಢಿಯನ್ನು ಜೂನಿನ ಪರೀಕ್ಷೆಯೊಳಗೆ ಎಲ್ಲಿ ಬಿಸಾಡುವುದು.

ಆಮೇಲೆ ಅವಳು ಮನೆಯಲ್ಲಿ ಒಬ್ಬಳೇ ಅಭ್ಯಾಸ ಮಾಡತೊಡಗಿದಳು. ಬೆಳಗ್ಗೆ ಐದಕ್ಕೆ, ಹಿಟ್ಟು ಉಬ್ಬುವಷ್ಟು ಹೊತ್ತು. ಅತ್ತೆಗೆ ವಯಸ್ಸಾಗಿತ್ತು, ನಿದ್ದೆ ಕಡಿಮೆ. ಬಂದು ಎದುರಿಗೆ ಕೂತು ಚಹಾ ಹೀರುತ್ತ ಗ್ರಾಫ್ ನೋಡುತ್ತಿದ್ದಳು.

"ಇದೇನು, ವೈದ್ಯರು ಎದೆಗೆ ತಂತಿ ಹಾಕಿ ತೆಗೀತಾರಲ್ಲ, ಅದಾ?"

"ಅಲ್ಲ ಓಯಿ," ಎಂದಳು, ಅತ್ತೆಯನ್ನು ಅಮ್ಮ ಎಂದೇ ಕರೆಯುವ ರೂಢಿಯಲ್ಲಿ. "ಒಂದು ದೇಶದಲ್ಲಿ ಜನ ಎಷ್ಟು ಮೀನು ತಿಂದರು ಅಂತ."

"ತಿಂದೋರು ತಿಂದರು. ನಿನಗ್ಯಾಕೆ?"

"ನನಗೂ ಅದೇ ಗೊತ್ತಾಗ್ತಿಲ್ಲ."

"ಇಲ್ಲಿ ಯಾಕೆ ಕೆಳಗೆ ಬಿತ್ತು?" ಮುದುಕಿಯ ಬೆರಳು ನೇರವಾಗಿ ಇಳಿಜಾರಿನ ಮೇಲೇ ಹೋಗಿ ನಿಂತಿತು.

ಸನೋಬರ್ ಅವಳನ್ನೇ ನೋಡಿದಳು. ಈ ಮನೆಯಲ್ಲೂ ಬೇರೆ ಪ್ರಶ್ನೆ ಇಲ್ಲ. "ಅದನ್ನ ಹೇಳಬಾರದಂತೆ," ಎಂದು ಹಿಟ್ಟು ನಾದಲು ಎದ್ದಳು.

ಅಸ್ರೋರ್‌ಬೆಕ್ ಹೇಳಿಕೊಟ್ಟದ್ದರಲ್ಲಿ ಉಳಿದದ್ದೆಲ್ಲ ಅವಳಿಗೆ ಒಗ್ಗಿತು. ಮೊದಲು, ಗ್ರಾಫ್ ಏನನ್ನು ತೋರಿಸುತ್ತದೆ ಎಂದು ಒಂದು ವಾಕ್ಯ, ಪ್ರಶ್ನೆಯ ಪದಗಳನ್ನೇ ನಕಲು ಮಾಡದೆ. ಆಮೇಲೆ ಒಟ್ಟು ನೋಟ: ಸಂಖ್ಯೆಯೇ ಇಲ್ಲದೆ, ದೂರದಿಂದ ನೋಡಿದರೆ ಕಾಣುವ ಎರಡು ದೊಡ್ಡ ಸಂಗತಿ. "ಒಟ್ಟು ನೋಟ ಬಿಟ್ಟರೆ ಉಳಿದದ್ದು ಎಷ್ಟೇ ಚೆನ್ನಾಗಿದ್ದರೂ ಐದರ ಮೇಲೆ ಹೋಗೋದು ಕಷ್ಟ," ಎಂದಿದ್ದ. ನಂತರ ವಿವರ, ವರ್ಷ ವರ್ಷವೂ ಅಲ್ಲ. ಎಲ್ಲಿ ತಿರುವಿದೆಯೋ, ಎಲ್ಲಿ ಎರಡು ಗೆರೆ ಒಂದನ್ನೊಂದು ದಾಟುತ್ತವೋ ಅಲ್ಲಿ ಮಾತ್ರ. ಕಳೆದ ವರ್ಷಗಳಿಗೆ ಭೂತಕಾಲ. ಮುಂದಿನ ವರ್ಷಗಳ ಚುಕ್ಕೆ ಗೆರೆಗೆ 'ಆಗುತ್ತದೆ' ಎಂದು ಖಚಿತವಾಗಿ ಹೇಳುವ ಹಾಗಿಲ್ಲ, 'ಆಗುವ ನಿರೀಕ್ಷೆಯಿದೆ' ಎನ್ನಬೇಕು. ಇವೆಲ್ಲ ಕ್ರಮದ ಮಾತು. ಕ್ರಮ ಅವಳಿಗೆ ಮೊದಲಿಂದ ಇಷ್ಟ. ಗೆರೆ ಬಾಗಿದಲ್ಲಿ ಮಾತ್ರ ಅವಳ ಪೆನ್ನು ಬಾಗುತ್ತಿತ್ತು.

ಮೇ ತಿಂಗಳ ಕೊನೆಯಲ್ಲಿ ಕೇಂದ್ರದಲ್ಲಿ ಅಣಕು ಪರೀಕ್ಷೆ ಇಟ್ಟರು. ನಿಜವಾದ ಪರೀಕ್ಷೆಗೆ ಹದಿನೈದು ದಿನ ಉಳಿದಿತ್ತು. ಗಡಿಯಾರ ಇಟ್ಟು, ಫೋನು ಬುಟ್ಟಿಗೆ ಹಾಕಿಸಿ, ಹಾಳೆ ಮಗುಚಿ ಕೊಟ್ಟರು. ಸನೋಬರ್ ತಿರುಗಿಸಿ ನೋಡಿದಳು.

ಒಂದು ದೇಶದ ಶಾಲೆಗಳಲ್ಲಿ ಜರ್ಮನ್, ಫ್ರೆಂಚ್, ಇಂಗ್ಲಿಷ್ ಕಲಿತ ಮಕ್ಕಳ ಶೇಕಡಾವಾರು ಪಾಲು, 1990ರಿಂದ 2020ರವರೆಗೆ. ಇಂಗ್ಲಿಷ್ ಮೂವತ್ತರಿಂದ ಎಂಬತ್ತೈದಕ್ಕೆ ಏರಿತ್ತು. ಫ್ರೆಂಚ್ ಏಳರ ಆಸುಪಾಸಿನಲ್ಲೇ ಅತ್ತಿತ್ತ ಆಡಿಕೊಂಡಿತ್ತು. ಜರ್ಮನ್ ಐವತ್ತರಲ್ಲಿ ಶುರುವಾಗಿ, ಮೊದಲು ಮೆಲ್ಲಗೆ, ಆಮೇಲೆ ಬಾವಿಗೆ ಬಿಟ್ಟ ಕೊಡದ ಹಾಗೆ ಎಂಟಕ್ಕೆ ಇಳಿದಿತ್ತು.

ಅವಳು ಇಂಗ್ಲಿಷ್ ಟೀಚರಾಗಿ ಹುಟ್ಟಿದವಳಲ್ಲ. ಕಾಲೇಜಿನಲ್ಲಿ ಓದಿದ್ದು ಜರ್ಮನ್. ಹದಿಮೂರು ವರ್ಷ ಕಲಿಸಿದ್ದೂ ಜರ್ಮನ್. ಒಂದು ವರ್ಷ ತಂದೆ ತಾಯಂದಿರು ಸೇರಿ ಅರ್ಜಿ ಕೊಟ್ಟರು, ನಮ್ಮ ಮಕ್ಕಳಿಗೆ ಇಂಗ್ಲಿಷ್ ಬೇಕು ಎಂದು. ಆರು ತಿಂಗಳ ತರಬೇತಿಗೆ ಕಳಿಸಿದರು. ಸೆಪ್ಟೆಂಬರಿನಲ್ಲಿ ಅದೇ ಕೋಣೆ, ಅದೇ ಹಲಗೆ, ಬಾಯಲ್ಲಿ ಬೇರೆ ಭಾಷೆ.

ಒಂದು ಗಂಟೆ ಕಳೆದು ಅಸ್ರೋರ್‌ಬೆಕ್ ಹಾಳೆ ತೆಗೆದುಕೊಳ್ಳಲು ಬಂದಾಗ ಅವಳ ಪ್ರಬಂಧದ ಹಾಳೆ ಖಾಲಿಯಿತ್ತು. ಗ್ರಾಫಿನ ಉತ್ತರ ಹಿಂದೆ ಮುಂದೆ ತುಂಬಿ ಅಂಚಿನಲ್ಲೂ ಹತ್ತಿತ್ತು. ಅವನು ಉಳಿದವರ ಹಾಳೆ ಸೇರಿಸಿಕೊಂಡು ಎಲ್ಲರನ್ನೂ ಕಳಿಸಿದ. ಝೇಬೋ ಬಾಗಿಲಲ್ಲಿ ಸ್ವಲ್ಪ ತಡೆದು ನೋಡಿ ಹೋದಳು. ಅವನು ಮೇಜಿನ ಅಂಚಿಗೆ ಒರಗಿ ಓದಿದ. ಓದುತ್ತ ಓದುತ್ತ ನಿಂತಲ್ಲೇ ಕೂತ.

"ಪಠ್ಯಪುಸ್ತಕ ಬರೋದು ನಿಂತಿತ್ತು ಅಂತ ಬರೆದಿದ್ದೀರಿ."

"ನಿಂತಿತ್ತಪ್ಪ. ಕೊನೆ ಎರಡು ವರ್ಷ ಒಂದು ಪುಸ್ತಕಕ್ಕೆ ನಾಲ್ಕು ಮಕ್ಕಳು. ನೀನೂ ಹಂಚ್ಕೊಂಡೇ ಓದಿದ್ದು."

"ತಂದೆ ತಾಯಿಗಳ ಅರ್ಜಿ ಅಂತಲೂ ಇದೆ."

"ಅದೂ ನಿಜ."

"ನಮ್ಮಮ್ಮನೂ ಸಹಿ ಹಾಕಿದ್ರಾ?"

ಸನೋಬರ್ ಪೆನ್ನಿನ ಮುಚ್ಚಳ ಹಾಕಿದಳು. "ಮೂರನೇ ಹೆಸರೇ ನಿಮ್ಮಮ್ಮಂದು. ಅಕ್ಷರ ದುಂಡಗಿತ್ತು. ಅದರಲ್ಲೇನು ತಪ್ಪು? ನೋಡು, ಎಂಟು ತೆಗೆದಿದ್ದೀಯ. ಜರ್ಮನ್ ಓದಿದ್ರೆ ಬೀದೀಲಿ ನಿನ್ನ ಫೋಟೋ ಯಾರು ಹಾಕ್ತಿದ್ರು?"

"ನನಗೆ ಇನ್ನೂ ನೆನಪಿದೆ ಉಸ್ತೋಜ್. ಡೆರ್, ಡೀ, ದಾಸ್."

"ಅಷ್ಟೇ ನೆನಪಿರೋದು ನಿನಗೆ. ಅದಕ್ಕಿಂತ ಮುಂದೆ ನೀನು ಹೋಗಲೇ ಇಲ್ಲ."

ಇಬ್ಬರೂ ಸ್ವಲ್ಪ ನಕ್ಕರು. ಕೆಳಗೆ ಔಷಧದಂಗಡಿಯವನು ಷಟರ್ ಅರ್ಧ ಎಳೆದ ಸದ್ದು ಕೇಳಿತು. ಅವನು ಹಾಳೆಯನ್ನು ಅವಳ ಮುಂದಿಟ್ಟ. ಈ ಸಲ ಕೆಂಪು ಪೆನ್ನು ಮುಟ್ಟಿರಲಿಲ್ಲ.

"ಇದನ್ನ ಹೊಡೆಯೋಕೆ ನನ್ನ ಕೈಲಾಗಲ್ಲ. ಆದರೆ ಪರೀಕ್ಷಕರು ಹೊಡೀತಾರೆ. ಅವರಿಗೆ ನೀವು ಯಾರೋ, ಆ ದೇಶ ಯಾವುದೋ."

"ಗೊತ್ತು. ಬರೆಯುವಾಗಲೂ ಗೊತ್ತಿತ್ತು. ಇಳಿದ ಗೆರೆ ನೋಡಿದ್ರೆ ಯಾರೋ ಎದುರಿಗೆ ಕೂತು ಹೇಳು ಅಂತ ಗದರಿದ ಹಾಗಾಗುತ್ತೆ. ಸುಮ್ನೆ 'ಇಳಿಯಿತು' ಅಂತ ಬರೆದು ಚುಕ್ಕೆ ಇಟ್ಟರೆ, ಏನೋ ಮುಚ್ಚಿಟ್ಟೆ ಅನ್ಸುತ್ತೆ. ಶಾಲೇಲಿ ಹಾಗೆ ಬರೆದ್ರೆ ಮೂರು ದಿನದಲ್ಲಿ ತನಿಖೆಗೆ ಬರ್ತಾರೆ."

ಅಸ್ರೋರ್‌ಬೆಕ್ ಗ್ರಾಫನ್ನು ತನ್ನತ್ತ ತಿರುಗಿಸಿಕೊಂಡ. "ಹಾಗಾದ್ರೆ ಕೈಯನ್ನ ಖಾಲಿ ಬಿಡಬೇಡಿ," ಎಂದ. "ಕಾರಣ ಬರೆಯೋಕೆ ಕೈ ಹೋಯ್ತಲ್ಲ, ಅಲ್ಲೇ ಇನ್ನೊಂದು ಗೆರೆ ಬರೀರಿ. ಜರ್ಮನ್ ಇಳೀತು, ಯಾಕೆಂದರೆ... ಅಂತ ಬರುತ್ತೆ. ಬರಲಿ. 'ಯಾಕೆಂದರೆ' ತೆಗೆದು 'ಅದೇ ಹೊತ್ತಿಗೆ' ಅನ್ನಿ. ಅದೇ ಹೊತ್ತಿಗೆ ಇಂಗ್ಲಿಷ್ ಏನು ಮಾಡ್ತು? ಫ್ರೆಂಚ್ ಎಲ್ಲಿತ್ತು? ಪಕ್ಕದ ಗೆರೆ ನೋಡಿ. ಅದು ಗ್ರಾಫಲ್ಲೇ ಇದೆ. ಹೋಲಿಸಿದ್ದಕ್ಕೆ ಅಂಕ ಇದೆ."

"ಯಾಕೆ ಅನ್ನೋದರ ಬದಲು ಯಾರ ಪಕ್ಕ ಅನ್ನೋದು."

"ಹ್ಞೂಂ. ಇಳಿದದ್ದಕ್ಕೆ ನೀವು ಜವಾಬ್ದಾರಿ ಅಲ್ಲ ಉಸ್ತೋಜ್. ನಿಂತು ನೋಡಿದವರು, ಅಷ್ಟೇ."

ಅವಳು ಅಲ್ಲೇ ಕೂತು ಮತ್ತೆ ಬರೆದಳು. 1990ರಲ್ಲಿ ಅರ್ಧದಷ್ಟು ಮಕ್ಕಳು ಜರ್ಮನ್ ಕಲಿಯುತ್ತಿದ್ದರು. ಇಂಗ್ಲಿಷ್ ಕಲಿಯುವವರು ಶೇಕಡಾ ಮೂವತ್ತರಷ್ಟಿದ್ದರು. ತೊಂಬತ್ತರ ದಶಕದ ನಡುವೆ ಎರಡೂ ಗೆರೆ ಒಂದನ್ನೊಂದು ದಾಟಿದವು. ಅಲ್ಲಿಂದ ಮುಂದೆ ಜರ್ಮನ್ ತೀವ್ರವಾಗಿ ಕುಸಿದು ಎಂಟಕ್ಕೆ ಮುಟ್ಟಿತು, ಅದೇ ಹೊತ್ತಿಗೆ ಇಂಗ್ಲಿಷ್ ಅದರ ಹತ್ತು ಪಟ್ಟು ಮೀರಿತು. ಫ್ರೆಂಚ್ ಮಾತ್ರ ಹೆಚ್ಚು ಕಡಿಮೆ ಇದ್ದಲ್ಲೇ ಇತ್ತು. ಹದಿನೆಂಟು ನಿಮಿಷ. ನೂರ ಅರವತ್ತು ಪದ. ಓದಿದರೆ ಬೇರೆ ಯಾರದೋ ಮನೆಯ ಸುದ್ದಿಯ ಹಾಗಿತ್ತು. ಅವಳಿಗೆ ಅಳು ಬಂದಂತಾಯಿತು, ಬರಲಿಲ್ಲ. ಅಳುವಷ್ಟು ಶಕ್ತಿಯೂ ಆ ಹೊತ್ತಿಗೆ ಉಳಿದಿರಲಿಲ್ಲ.

ಪರೀಕ್ಷೆ ಫರ್ಗಾನಾ ನಗರದಲ್ಲಿ. ಹಿಂದಿನ ದಿನ ಮಧ್ಯಾಹ್ನವೇ ಮಾತಿನ ಪರೀಕ್ಷೆ ಮುಗಿದಿತ್ತು. ಪರೀಕ್ಷಕ ಕೇಳಿದ್ದು ರಜೆಯಲ್ಲಿ ಏನು ಮಾಡುತ್ತೀರಿ ಎಂದು. ಅವಳಿಗೆ ಏನೂ ನೆನಪಾಗದೆ ತಡವರಿಸಿದ್ದಳು. ಶನಿವಾರ ಬೆಳಗ್ಗೆ ಗಂಡ ಉಲ್ಮಸ್ ಮತ್ತೆ ಕಾರಿನಲ್ಲಿ ಕರೆತಂದ. ಗೇಟಿನ ಹತ್ತಿರ ಗಾಡಿ ನಿಲ್ಲಿಸಿ ಹೇಳಿದ: "ಈ ಸಲ ಆಗದಿದ್ರೆ ಬಿಡು. ಸಣ್ಣ ಮಕ್ಕಳೂ ಮಕ್ಕಳೇ."

"ನೀವು ಆ ಮಾತು ಹೇಳೋಕೆ ಇಷ್ಟು ದೂರ ಗಾಡಿ ಓಡಿಸಿದ್ರಾ?"

"ಇಲ್ಲ, ಕಲ್ಲಂಗಡಿ ತಗೊಳ್ಳೋಕೆ. ಇಲ್ಲಿ ಬೇಗ ಬರುತ್ತೆ."

ಕೇಳುವುದು ಮುಗಿಯಿತು, ಓದುವುದು ಮುಗಿಯಿತು. ನಡುವೆ ಏಳುವ ಹಾಗಿಲ್ಲ. ಬರೆಯುವ ಹಾಳೆ ಬರುವ ಹೊತ್ತಿಗೆ ಅವಳ ಸೊಂಟ ಮರಗಟ್ಟಿತ್ತು. ಸುತ್ತ ಕೂತಿದ್ದ ಮಕ್ಕಳಿಗೆಲ್ಲ ಅವಳ ಮಗಳ ವಯಸ್ಸು.

ಗ್ರಾಫ್ ಪ್ರಯಾಣಿಕರದು. ಒಂದು ದೇಶದಲ್ಲಿ ವರ್ಷಕ್ಕೆ ಎಷ್ಟು ದಶಲಕ್ಷ ಮಂದಿ ರೈಲು, ಬಸ್ಸು, ವಿಮಾನ ಹತ್ತಿದರು. 1995ರಿಂದ 2015, ಅಲ್ಲಿಂದ 2030ರವರೆಗೆ ಚುಕ್ಕೆ ಗೆರೆ. ಯಾರ ಬದುಕನ್ನೂ ಮುಟ್ಟದ, ಬೇಜಾರು ಬರಿಸುವ ಗ್ರಾಫ್. ಅವಳಿಗೆ ಸಮಾಧಾನವಾಯಿತು. ಆದರೆ ರೈಲಿನ ಗೆರೆ ನಲವತ್ತರಿಂದ ಹತ್ತು ವರ್ಷದಲ್ಲಿ ಇಪ್ಪತ್ತೆರಡಕ್ಕೆ ಇಳಿದಿತ್ತು.

ಅವಳು ಮೊದಲ ವಾಕ್ಯ ಬರೆದಳು. ಒಟ್ಟು ನೋಟ ಬರೆದಳು: ರೈಲಿನ ಪ್ರಯಾಣಿಕರು ಮೊದಲು ಕಡಿಮೆಯಾಗಿ ಆಮೇಲೆ ಚೇತರಿಸಿಕೊಂಡರು, ಮುಂದೆ ಬಸ್ಸನ್ನು ಮೀರಿಸುವ ನಿರೀಕ್ಷೆಯಿದೆ, ವಿಮಾನ ಏರುತ್ತಲೇ ಇದ್ದರೂ ಮೂರರಲ್ಲಿ ಯಾವಾಗಲೂ ಕೆಳಗಿತ್ತು. ನಂತರ ವಿವರ. ರೈಲಿನ ಸಂಖ್ಯೆ 2005ರ ಹೊತ್ತಿಗೆ ಇಪ್ಪತ್ತೆರಡು ದಶಲಕ್ಷಕ್ಕೆ ಇಳಿಯಿತು.

ಪೆನ್ನು ಅಲ್ಲಿಯೇ ನಿಂತಿತು. ಹಳೆಯ ಬೋಗಿಗಳು, ಟಿಕೆಟ್ಟಿನ ಸಾಲು, ಮೂರು ಗಂಟೆ ತಡ, ಕಿಟಕಿ ಮುಚ್ಚದ ಚಳಿ, ಎಲ್ಲವೂ ಸರದಿ ನಿಂತವರ ಹಾಗೆ ಪೆನ್ನಿನ ತುದಿಗೆ ಬಂದು ನಿಂತವು. ಒಂದು ನಿಮಿಷ ಹೋಯಿತು. ಮೇಲ್ವಿಚಾರಕಿ ಗಡಿಯಾರ ನೋಡಿ ಅವಳ ಪಕ್ಕ ಹಾದುಹೋದಳು. ಸನೋಬರ್ ಎಡಗೈಯ ಬೆರಳನ್ನು ಗ್ರಾಫಿನ ಮೇಲೆ 2005ರ ಬುಡದಲ್ಲಿಟ್ಟು, ನೇರ ಮೇಲಕ್ಕೆ ಎಳೆದಳು. ಬೆರಳಿಗೆ ಬಸ್ಸಿನ ಗೆರೆ ಸಿಕ್ಕಿತು. ನಲವತ್ತೈದು, ಅದರ ಶಿಖರ. ಅದೇ ಹೊತ್ತಿಗೆ, ಎಂದು ಬರೆದಳು, ಬಸ್ಸಿನಲ್ಲಿ ಹೋದವರು ರೈಲಿನವರ ಸುಮಾರು ಎರಡರಷ್ಟಿದ್ದರು.

ಸಾಲಿನಲ್ಲಿ ನಿಂತವರೆಲ್ಲ ಎಲ್ಲಿ ಹೋದರೋ ಗೊತ್ತಾಗಲಿಲ್ಲ. 2015ರಲ್ಲಿ ರೈಲು ಮೂವತ್ತೈದಕ್ಕೆ ಮರಳಿತು, ಬಸ್ಸು ಮೂರು ದಶಲಕ್ಷ ಕಳೆದುಕೊಂಡು ನಲವತ್ತೆರಡರಲ್ಲಿ ನಿಂತಿತು. 2030ಕ್ಕೆ ಬಸ್ಸು ಅಲ್ಲೇ ಉಳಿಯಬಹುದು, ರೈಲು ಐವತ್ತನ್ನು ಮುಟ್ಟುವ ಅಂದಾಜಿದೆ. ವಿಮಾನ ಐದರಿಂದ ಹದಿನೈದಕ್ಕೆ ಬಂದಿತ್ತು, ಇಪ್ಪತ್ತಕ್ಕೆ ಹೋಗುವ ನಿರೀಕ್ಷೆ; ಆದರೂ ರೈಲಿನ ಅರ್ಧಕ್ಕಿಂತ ಕಡಿಮೆಯೇ. ಚುಕ್ಕೆ ಇಟ್ಟಳು. ಇಪ್ಪತ್ತೊಂದು ನಿಮಿಷ. ಪ್ರಬಂಧಕ್ಕೆ ಪುಟ ತಿರುಗಿಸಿದಳು. ಈ ಸಲ ಅದು ಕೊನೆಯ ವಾಕ್ಯದವರೆಗೂ ಹೋಯಿತು. ಮತ್ತೆ ಓದಿ ನೋಡಲು ನಾಲ್ಕು ನಿಮಿಷವೂ ಉಳಿದವು. ಓದಲಿಲ್ಲ. ಕಣ್ಣು ಮುಚ್ಚಿ ಕೂತಳು.

ಫಲಿತಾಂಶ ಬಂದದ್ದು ಹದಿಮೂರನೆಯ ದಿನ. ಶಾಲೆಗೆ ರಜೆ, ಆದರೂ ಟೀಚರುಗಳನ್ನು ತರಗತಿಗಳ ಗೋಡೆಗೆ ಸುಣ್ಣ ಹೊಡೆಯಲು ಕರೆಸಿದ್ದರು. ಸನೋಬರ್ ತಲೆಗೆ ಬಟ್ಟೆ ಸುತ್ತಿ ಕಾರಿಡಾರಿನಲ್ಲಿ ನಿಂತಿದ್ದಾಗ ಫೋನು ಬಡಿಯಿತು. ಕೈಗೆ ಸುಣ್ಣ ಮೆತ್ತಿತ್ತು. ಅಂಗೈ ಹಿಂಭಾಗದಿಂದ ಒತ್ತಿದಳು.

"ಉಸ್ತೋಜ್, ನೋಡಿದ್ರಾ?" ಅಸ್ರೋರ್‌ಬೆಕ್. ತನ್ನ ಪರೀಕ್ಷೆಯ ನಂಬರನ್ನು ಅವಳು ಅವನಿಗೇ ಕೊಟ್ಟಿದ್ದಳು, ತಾನು ನೋಡಲಾರೆ ಎಂದು.

"ಇಲ್ಲ. ಹೇಳು."

"ಕೇಳೋದು ಏಳು. ಓದೋದು ಏಳೂವರೆ. ಮಾತು ಆರು."

"ಆರಾ?" ಇನ್ನು ಬರವಣಿಗೆ ಆರು ಬಂದರೂ ಸಾಲದು. ಗೋಡೆಗೆ ಒರಗಿದಳು, ಬೆನ್ನಿಗೆಲ್ಲ ಹಸಿ ಸುಣ್ಣ ಹತ್ತಿತು.

"ಬರೆಯೋದು ಆರೂವರೆ."

ಅವಳು ಮನಸ್ಸಿನಲ್ಲೇ ಕೂಡಿದಳು. ಇಪ್ಪತ್ತೇಳು. ನಾಲ್ಕರಿಂದ ಭಾಗಿಸಿದರೆ ಆರೂಮುಕ್ಕಾಲು. ತಪ್ಪಿರಬಹುದೆಂದು ಇನ್ನೊಂದು ಸಲ ಕೂಡಿದಳು.

"ಒಟ್ಟು ಏಳು, ಉಸ್ತೋಜ್. ಕೇಳಿಸ್ತಿದೆಯಾ?"

"ಕೇಳಿಸ್ತಿದೆಯಪ್ಪ. ನೂರು ವರ್ಷ ಬಾಳು. ನಿಮ್ಮಮ್ಮನಿಗೆ ನನ್ನ ಸಲಾಂ ಹೇಳು."

ಮುಅಜ್ಜಮ್ ಓಪಾ ತನ್ನ ಕೋಣೆಯಲ್ಲಿ ಬೀಸಣಿಗೆಯ ಕೆಳಗೆ ಕೂತು ಪಟ್ಟಿ ಮಾಡುತ್ತಿದ್ದಳು. ಸುದ್ದಿ ಕೇಳಿ ಎದ್ದು ಬಂದು, ಸುಣ್ಣವನ್ನೂ ಲೆಕ್ಕಿಸದೆ ಅಪ್ಪಿಕೊಂಡಳು. ಕೂತು, ಸನೋಬರಳ ಹೆಸರನ್ನು ಹತ್ತನೇ ಎ, ಹತ್ತನೇ ಬಿ, ಹನ್ನೊಂದನೇ ಎ ಮುಂದೆ ಬರೆದಳು. ಅಕ್ಷರ ಒಣಗಲಿ ಎಂದು ಊದಿದಳು.

"ನನಗೆ ಗೊತ್ತಿತ್ತು ನೀವು ತರ್ತೀರಿ ಅಂತ," ಎಂದಳು. "ಹೊಸದಾಗಿ ಸೇರಿದ ಟೀಚರಿಗೆ ಇನ್ನೂ ಆರೂವರೆಯೇ. ಸಣ್ಣ ತರಗತಿಯ ಇಬ್ಬರು ಟೀಚರಿಗೂ ಸರ್ಟಿಫಿಕೇಟ್ ಬೇಕಂತೆ. ಅವರನ್ನ ಟ್ಯೂಷನ್ನಿಗೆ ಯಾಕೆ ಕಳಿಸೋದು, ನೀವಿದ್ದೀರಲ್ಲ. ವಾರಕ್ಕೆ ಮೂರು ದಿನ, ಸುಣ್ಣದ ಕೆಲಸ ಮುಗಿದ ಮೇಲೆ. ಗ್ರಾಫ್ ಒಂದು ಹೇಳಿಕೊಟ್ಟುಬಿಡಿ, ಅದರಲ್ಲೇ ಎಲ್ಲರೂ ಬೀಳ್ತಾರಂತೆ."

"ಯಾವಾಗಿಂದ ಓಪಾ?"

"ಸೋಮವಾರ ಆಗದಾ?"

ಸನೋಬರ್ ಹ್ಞೂಂ ಎಂದಳು. ಹೊರಗೆ ಬಂದು, ಇನ್ನೂ ಸುಣ್ಣ ಕಾಣದ ಹತ್ತನೇ ತರಗತಿಯ ಕೋಣೆಗೆ ಹೋದಳು. ಕುರ್ಚಿಗಳನ್ನೆಲ್ಲ ಮೂಲೆಗೆ ಪೇರಿಸಿದ್ದರು. ಒಂದನ್ನು ಇಳಿಸಿ, ಧೂಳು ಒರೆಸದೆಯೇ ಕೂತು, ಎರಡೂ ಬೂಟು ಕಳಚಿ ಪಾದವನ್ನು ತಣ್ಣನೆಯ ನೆಲಕ್ಕಿಟ್ಟಳು. ಬಕೆಟ್ಟಿನಲ್ಲಿ ಸುಣ್ಣ ಗಟ್ಟಿಯಾಗುತ್ತಿತ್ತು. ಇನ್ನು ಹತ್ತು ನಿಮಿಷ ಅದು ಕಾಯಲಿ ಎಂದುಕೊಂಡಳು.